‘ಅಂತೆ’ ಬಿಟ್ಟುಹೋದಾಗ: ಕೊಳೆರೋಗದ 412 ಮೆಸೇಜುಗಳನ್ನು ತಿದ್ದಿದ ಒಂದು ಪ್ರಕರಣ

ಇದು ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ನಡೆದ ಕೆಲಸ. ಗುಂಪು ಯಾವುದು, ಯಾವ ತಾಲ್ಲೂಕು ಅಂತ ಹೇಳುವುದಿಲ್ಲ. ಇಲ್ಲಿ ಬರುವ ಮೆಸೇಜುಗಳನ್ನು ಬರೆದವರನ್ನು ಕೇಳಿ ಬಳಸಿದ್ದೇನೆ, ಗುರುತು ಸಿಗುವ ಕಡೆ ಸ್ವಲ್ಪ ಬದಲಿಸಿದ್ದೇನೆ. ತಿದ್ದುವ ಕೆಲಸದಲ್ಲಿ ನಾನೂ ಇದ್ದೆ. ಹಾಗಾಗಿ ಇಲ್ಲಿ ಹೇಳುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ.

ಹಿನ್ನೆಲೆ

ಜೂನ್ ಬಂತೆಂದರೆ ಆ ಗುಂಪಿನಲ್ಲಿ ಮಾತೆಲ್ಲ ಕೊಳೆಯದ್ದೇ, ಮಳೆಗಾಲದಲ್ಲಿ ಅಡಿಕೆಯ ಎಳೆಕಾಯಿ ಕೊಳೆತು ಉದುರುವ ರೋಗದ್ದು. ಮೊದಲ ಔಷಧಿ ಯಾವಾಗ ಹೊಡೆಯುವುದು, ಎರಡನೆಯದಕ್ಕೆ ಮಳೆ ಬಿಡುವು ಕೊಡುತ್ತದಾ, ಮರ ಹತ್ತುವವರು ಸಿಗುತ್ತಾರಾ, ಮಳೆ ತಾಗದ ಹಾಗೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕೊಟ್ಟೆ ಕಟ್ಟಿದರೆ ಈಗಲೂ ಲಾಭ ಇದೆಯಾ. ಮೂರು ಮಳೆಗಾಲದ ಇಂಥ ಮಾತುಗಳನ್ನು ಒಟ್ಟು ಮಾಡಿ ಒಂದು ಸಣ್ಣ ಪುಸ್ತಕ ತರೋಣ ಅಂತ ಗುಂಪಿನ ಹಿರಿಯರು ಹೇಳಿದರು. ಬೆಂಗಳೂರು ಬಿಟ್ಟು ತೋಟಕ್ಕೆ ವಾಪಸ್ ಬಂದ ಹುಡುಗರು ನಾಲ್ಕೈದು ಮನೆಯಲ್ಲಿ ಇದ್ದರು. ಅವರಿಗೆ ಕೈಪಿಡಿಗಿಂತ ಇದು ಜಾಸ್ತಿ ಉಪಯೋಗ ಅನ್ನುವುದು ಹಿರಿಯರ ಲೆಕ್ಕ.

ಗುಡ್ ಮಾರ್ನಿಂಗ್, ಹುಟ್ಟುಹಬ್ಬ, ಫಾರ್ವರ್ಡ್ ಎಲ್ಲ ತೆಗೆದ ಮೇಲೆ ಉಳಿದದ್ದು 412 ಮೆಸೇಜು. ಬರೆದವರು 37 ಜನ. ತಿದ್ದಲು ಮೂರು ಜನ ಕೂತೆವು: ನಾನು, ರಿಟೈರಾದ ಕನ್ನಡ ಮೇಷ್ಟ್ರು ಒಬ್ಬರು, ಡಿಟಿಪಿ ಕೆಲಸ ಮಾಡುವ ಒಬ್ಬ ಹುಡುಗಿ.

ಇದ್ದದ್ದನ್ನು ಇದ್ದ ಹಾಗೆ ಅಚ್ಚು ಮಾಡುವ ಹಾಗಿರಲಿಲ್ಲ. ಅರ್ಧ ಮೆಸೇಜುಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಬ್ಬರು ಒಂದೇ ಮಾತನ್ನು ಆರು ತುಂಡು ಮಾಡಿ ಕಳಿಸಿದ್ದರು, ನಡುವೆ ಬೇರೆಯವರ ಮಾತು ಸೇರಿಕೊಂಡಿತ್ತು. ನೆರೆಮನೆಯವರ ಹೆಸರು, ಅಂಗಡಿ ಹೆಸರು, ಸಾಲದ ವಿಷಯ ಎಲ್ಲ ಇತ್ತು. ತಿದ್ದಲೇಬೇಕಿತ್ತು. ಆದರೆ ಎಷ್ಟು ತಿದ್ದುವುದು, ಬರೆದವರು ಎಷ್ಟು ಉಳಿಯಬೇಕು ಅನ್ನುವುದನ್ನು ನಾವು ಮೊದಲು ಮಾತಾಡಲೇ ಇಲ್ಲ. ಸುಮ್ನೆ ಶುರು ಮಾಡಿಬಿಟ್ಟೆವು.

ಮೊದಲ ಸುತ್ತು: ಎಲ್ಲವೂ ಒಂದೇ ದನಿ

ತಾರೀಖಿನ ಪ್ರಕಾರ ಹೋದೆವು. ಮೊದಲ 100 ಮೆಸೇಜು ಎಂಟು ದಿನದಲ್ಲಿ ಮುಗಿಯಿತು. ಮೇಷ್ಟ್ರ ಕನ್ನಡ ಚೆನ್ನಾಗಿದೆ, ವಾಕ್ಯ ನೇರ. ಓದುವುದಕ್ಕೆ ಹಿತವಾಗಿತ್ತು. ಪ್ರಿಂಟ್ ತೆಗೆದು ಗುಂಪಿನ ಐದಾರು ಜನರಿಗೆ ಕೊಟ್ಟೆವು. ಎರಡು ದಿನ ಬಿಟ್ಟು ಒಬ್ಬ ಹೆಣ್ಣುಮಗಳು ನನಗೆ ಫೋನ್ ಮಾಡಿದರು.

“ಅಣ್ಣಾ, ಆ ಸುಣ್ಣದ ವಿಷಯ ಇದೆಯಲ್ಲ, ಅದು ನಾನು ಬರೆದದ್ದಾ?”

“ಹೌದು, ನಿಮ್ಮದೇ.”

“ಆದ್ರೆ ನಾ ಹೇಳಿದ್ದು ಇದಲ್ಲ.”

ಅವರು ಬರೆದದ್ದು ಹೀಗಿತ್ತು:

> ಸುಣ್ಣ ಒಂಚೂರು ಕಮ್ಮಿ ಆದ್ರೂ ನಡೀತದಂತೆ. ನಮ್ಮ ಮಾವನೋರು ಹಂಗೇ ಮಾಡ್ತಿದ್ರು ಅಂತ ಅತ್ತೆ ಹೇಳ್ತಾರೆ. ನಾನ್ ಮಾಡ್ನೋಡಿಲ್ಲ. ಈ ಸಲ ಒಳ್ಳೆ ಸುಣ್ಣ ಸಿಕ್ಕಿಲ್ಲ, ಏನ್ ಮಾಡೋದು ಗೊತ್ತಾಗ್ತಿಲ್ಲ ಮಾರಾಯ್ರೆ.

ನಾವು ತಿದ್ದಿದ್ದು ಹೀಗೆ:

> ಬೋರ್ಡೋ ದ್ರಾವಣದಲ್ಲಿ ಸುಣ್ಣದ ಪ್ರಮಾಣ ತುಸು ಕಡಿಮೆಯಾದರೂ ತೊಂದರೆಯಿಲ್ಲ ಎಂಬುದು ಹಿರಿಯರ ಅನುಭವ. ಆದರೆ ಉತ್ತಮ ಸುಣ್ಣ ಬಳಸುವುದು ಮುಖ್ಯ.

ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ಜನವೂ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಅವರ ಮೆಸೇಜಿನಲ್ಲಿ ‘ಅಂತೆ’ ಇತ್ತು, ನಮ್ಮದರಲ್ಲಿ ಇಲ್ಲ. ಅತ್ತೆ ಹೇಳಿದ್ದು ಮಾವನ ಬಗ್ಗೆ, ಅಂದರೆ ಎರಡು ಬಾಯಿ ದಾಟಿ ಬಂದ ಮಾತು. ನಾವು ಅದನ್ನು ‘ಹಿರಿಯರ ಅನುಭವ’ ಮಾಡಿದ್ದೆವು. ‘ನಾನ್ ಮಾಡ್ನೋಡಿಲ್ಲ’ ಅನ್ನುವ ಮುಖ್ಯ ಮಾತನ್ನು, ಹೇಳುವವರ ಸಂಕೋಚ ಅಂದುಕೊಂಡು ತೆಗೆದಿದ್ದೆವು. ಕೊನೆಯಲ್ಲಿ ಅವರು ಕೇಳಿದ್ದು ಸಹಾಯ. ನಾವು ಅದನ್ನು ಉಪದೇಶ ಮಾಡಿ ಮುಗಿಸಿದ್ದೆವು.

ತೋಟದಲ್ಲಿ ಇದು ಸಣ್ಣ ತಪ್ಪಲ್ಲ. ಕೊಳೆಗೆ ಹೊಡೆಯುವ ಔಷಧಿಯೇ ಬೋರ್ಡೋ ದ್ರಾವಣ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕುತ್ತಾ ಕಲಕಬೇಕು. ಸುಣ್ಣ ಸಾಲದಿದ್ದರೆ ಮೈಲುತುತ್ತದಲ್ಲಿರುವ ತಾಮ್ರ ಬಿಡಿಯಾಗಿ ಉಳಿದು ಎಲೆ, ಎಳೆಕಾಯಿ ಸುಡುತ್ತದೆ. ಅದನ್ನು ತಿಳಿಯಲು ಕಬ್ಬಿಣದ ಮೊಳೆಯನ್ನೋ ಚಾಕುವನ್ನೋ ಅದ್ದಿ ನೋಡುತ್ತಾರೆ. ಮೇಲೆ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ. ಬೆಂಗಳೂರಿಂದ ಬಂದ ಹುಡುಗ ನಮ್ಮ ವಾಕ್ಯ ಓದಿ ಸುಣ್ಣ ಕಡಿಮೆ ಹಾಕಿದ್ದರೆ ಹೊಣೆ ಆ ಹೆಣ್ಣುಮಗಳದ್ದಲ್ಲ, ನಮ್ಮದು.

ನನ್ನ ಕಣ್ಣು ತೆರೆದದ್ದು ಇಲ್ಲಿ. ಅಲ್ಲಿಯವರೆಗೆ ‘ಬರೆದವರ ಸ್ವಭಾವ’ ಅಂದರೆ ಮಾತಿನ ಬಣ್ಣ ಅಂದುಕೊಂಡಿದ್ದೆ. ಬಣ್ಣ ತೆಗೆದರೂ ವಿಷಯ ಉಳಿಯುತ್ತದೆ ಅಂತ ನನ್ನ ಲೆಕ್ಕ. ಆದರೆ ಅನುಮಾನದಿಂದ ಮಾತಾಡುವವರ ಅನುಮಾನವೇ ಅವರು ಹೇಳುವ ವಿಷಯದ ಅರ್ಧ ಭಾಗ. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ. ಕಂಡದ್ದು, ಕೇಳಿದ್ದು, ಊಹಿಸಿದ್ದು ಇವುಗಳ ವ್ಯತ್ಯಾಸವನ್ನು ನಾವು ಕ್ರಿಯಾಪದದ ಬಾಲದಲ್ಲಿ ಇಡುತ್ತೇವೆ: ಬಂತು, ಬಂತಂತೆ, ಬಂದಿರಬೇಕು, ಬಂದೀತು. ತಿದ್ದುವವರ ಕೈ ಮೊದಲು ಹೋಗುವುದೇ ಆ ಬಾಲಕ್ಕೆ. ವಾಕ್ಯ ಗಟ್ಟಿಯಾಗಿ ಕೇಳಲಿ ಅಂತ ‘ಬಂತಂತೆ’ಯನ್ನು ‘ಬಂತು’ ಮಾಡಿಬಿಡುತ್ತೇವೆ.

ಆ 100 ಮೆಸೇಜುಗಳನ್ನು ಮೂಲದ ಜೊತೆ ಇಟ್ಟು ಮತ್ತೆ ನೋಡಿದೆವು. ‘ಅಂತೆ’, ‘ಇರಬೇಕು’, ‘ನಮ್ಮಲ್ಲಂತೂ’ ಇಂಥವು 31 ಕಡೆ ಮಾಯವಾಗಿದ್ದವು. ‘ನಮ್ಮಲ್ಲಂತೂ’ ಹೋದರೆ ಒಂದು ತೋಟದ ಮಾತು ಎಲ್ಲ ತೋಟದ ಮಾತಾಗುತ್ತದೆ, ಅಲ್ವಾ?

ಎರಡನೇ ಸುತ್ತು: ಜಾಸ್ತಿ ಉಳಿಸಿದ್ದು

ಹೆದರಿಕೆಗೆ ನಾವು ಇನ್ನೊಂದು ದಿಕ್ಕಿಗೆ ವಾಲಿದೆವು. ಈ ಸಲ ತಾರೀಖು ಬಿಟ್ಟು ಒಬ್ಬೊಬ್ಬರದೇ ಮೆಸೇಜುಗಳನ್ನು ಒಟ್ಟಿಗೆ ತೆಗೆದುಕೊಂಡೆವು. ಪ್ರತಿಯೊಬ್ಬರಿಗೂ ಒಂದು ಚೀಟಿ. ಅದರಲ್ಲಿ ಅವರ ಮಾತಿನ ಗುರುತು: ‘ಕತೆಯಿಂದ ಶುರು ಮಾಡುತ್ತಾರೆ’, ‘ಲೆಕ್ಕ ಮೊದಲು’, ‘ಮಾರಾಯ್ರೆ ಅನ್ನುತ್ತಾರೆ’, ‘ಕೊನೆಗೆ ಗೊತ್ತಾಯ್ತಲ್ಲ ಅನ್ನುತ್ತಾರೆ’. ಒಬ್ಬರ ಮಾತನ್ನೇ ಒಂದೇ ಕೂತಿಗೆ ತಿದ್ದಿದರೆ ದನಿ ಕಿವಿಯಲ್ಲಿ ಇರುತ್ತದೆ. ಇದು ಒಳ್ಳೆಯ ನಿರ್ಧಾರ, ಕೊನೆಯವರೆಗೂ ಬಿಡಲಿಲ್ಲ.

ಕೆಟ್ಟದ್ದು ಚೀಟಿಯನ್ನು ಬಳಸಿದ ರೀತಿ. ‘ಗೊತ್ತಾಯ್ತಲ್ಲ?’ ಅನ್ನುವ ಹಿರಿಯರೊಬ್ಬರದು 22 ಮೆಸೇಜು. ಓದಿ ನೋಡಿದ ಹುಡುಗಿ, “ಇವರು ಇಷ್ಟು ಸಿಡುಕರಲ್ಲ ಅಣ್ಣಾ, ನಂಗೆ ಗೊತ್ತು” ಅಂದಳು. ಎಣಿಸಿದೆವು. ಅವರು ಆ ಮಾತು ಬರೆದದ್ದು 3 ಸಲ. ನಾವು ತಿದ್ದಿದ್ದರಲ್ಲಿ ಅದು 14 ಸಲ ಇತ್ತು. ಚೀಟಿಯಲ್ಲಿ ಇದೆ ಅಂತ ಪ್ರತಿ ಸಲವೂ ಅಂಟಿಸುತ್ತಾ ಹೋಗಿದ್ದೆವು.

ಆ ಮೂರು ಎಲ್ಲಿ ಬಂದಿವೆ ಅಂತ ನೋಡಿದಾಗ ಇನ್ನೂ ಬೇಜಾರಾಯಿತು. ಒಂದು, ಕಬ್ಬಿಣದ ಪಾತ್ರೆಯಲ್ಲಿ ಮೈಲುತುತ್ತ ಕದಡಬೇಡಿ ಅನ್ನುವಲ್ಲಿ. ಒಂದು, ಪಾಚಿ ಹಿಡಿದ ಮರ ಹತ್ತಿಸುವ ಮುಂಚೆ ಯೋಚಿಸಿ ಅನ್ನುವಲ್ಲಿ. ಮತ್ತೊಂದು, ಕಲಸಿಟ್ಟ ದ್ರಾವಣವನ್ನು ನಾಳೆಗೆ ಉಳಿಸಬೇಡಿ ಅನ್ನುವಲ್ಲಿ. ಮೂರೂ ಎಚ್ಚರಿಕೆಯ ಜಾಗ. ಅವರಿಗೆ ಅದು ಚಟವಾಗಿರಲಿಲ್ಲ, ಗಂಟೆ ಬಾರಿಸುವ ರೀತಿ. 14 ಕಡೆ ಬಾರಿಸಿದ ಮೇಲೆ ಯಾವುದು ನಿಜವಾದ ಗಂಟೆ ಅಂತ ಓದುವವರಿಗೆ ಗೊತ್ತಾಗುವುದು ಹೇಗೆ?

ರಾಶಿ ರಾಶಿ ತಿದ್ದುವಾಗ ಇದು ಆಗಿಯೇ ಆಗುತ್ತದೆ. ಒಬ್ಬರ ಒಂದು ಮೆಸೇಜು ತಿದ್ದುವಾಗ ಕಣ್ಣ ಮುಂದೆ ಅವರ ಮಾತಿರುತ್ತದೆ. ಇಪ್ಪತ್ತು ತಿದ್ದುವ ಹೊತ್ತಿಗೆ ಕಣ್ಣ ಮುಂದೆ ಇರುವುದು ಅವರ ಬಗ್ಗೆ ನಾವು ಮಾಡಿಕೊಂಡ ಚಿತ್ರ. ಆ ಚಿತ್ರದಲ್ಲಿ ಮೂಗು ಯಾವಾಗಲೂ ದೊಡ್ಡದು.

ಎರಡನೇ ತೊಂದರೆ ಗುರುತಿನದು. ಹೆಸರು ತೆಗೆದು ‘ತೋಟ 1’, ‘ತೋಟ 2’ ಅಂತ ಹಾಕಿದ್ದೆವು. ಆದರೆ ಮಲೆನಾಡಿನಲ್ಲಿ ಒಬ್ಬರು ಬಾಯಿ ಬಿಟ್ಟರೆ ಯಾವ ಸೀಮೆ, ಯಾವ ಮನೆತನ, ಯಾವ ಜಾತಿ ಅನ್ನುವವರೆಗೂ ಗೊತ್ತಾಗಿಬಿಡುತ್ತದೆ. ಹವ್ಯಕರ ಮನೆಯ ಮಾತು ಬೇರೆ, ತೀರ್ಥಹಳ್ಳಿ ಕಡೆಯ ಗೌಡರ ಮನೆಯ ಮಾತು ಬೇರೆ. 37 ಜನರ ಗುಂಪಿನಲ್ಲಿ ಅಷ್ಟು ಸುಳಿವು ಸಾಕು. ಮಾತು ಇದ್ದ ಹಾಗೇ ಉಳಿಸಿದ್ದು ಹೆಸರು ಹಾಕಿದ್ದಕ್ಕೆ ಸಮ ಆಯಿತು.

‘ಮಾರಾಯ್ರೆ’ಯಂಥ ಎದ್ದು ಕಾಣುವ ಮಾತು ತೆಗೆದರೆ ಸಾಕು ಅಂತ ಮೇಷ್ಟ್ರು ಹೇಳಿದರು. ಅದೂ ಸಾಲದು. ಅಮೆರಿಕದ ಸಂವಿಧಾನದ ಪರವಾಗಿ ಹೆಸರು ಮುಚ್ಚಿ ಬರೆದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ಹ್ಯಾಮಿಲ್ಟನ್ ಬರೆದದ್ದಾ, ಮ್ಯಾಡಿಸನ್ ಬರೆದದ್ದಾ ಅಂತ ಜಗಳವಿದ್ದ 12 ಪ್ರಬಂಧಗಳನ್ನು ಮೊಸ್ಟೆಲರ್ ಮತ್ತು ವಾಲೆಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಪರೀಕ್ಷಿಸಿ 1964ರಲ್ಲಿ ಪುಸ್ತಕ ತಂದರು. ಅವರು ನೆಚ್ಚಿದ್ದು ದೊಡ್ಡ ಪದಗಳನ್ನಲ್ಲ. ಇಂಗ್ಲಿಷಿನ ‘ಅಪಾನ್’ ಥರದ ಪುಟ್ಟ ಪದಗಳನ್ನು. ಹ್ಯಾಮಿಲ್ಟನ್ ಆ ಪದವನ್ನು ಮ್ಯಾಡಿಸನ್‌ಗಿಂತ ತುಂಬಾ ಜಾಸ್ತಿ ಬಳಸುತ್ತಿದ್ದರು. ಬರೆಯುವವರಿಗೇ ಗೊತ್ತಿಲ್ಲದ ಇಂಥ ಪುಟ್ಟ ಪದಗಳಲ್ಲೇ ಅವರ ಗುರುತು ಕೂತಿರುತ್ತದೆ. ನಮ್ಮಲ್ಲಿ ಅವು ‘ಬಿಡಿ’, ‘ಮತ್ತೆ’, ‘ಅಲ್ದಾ’, ‘ಹಂಗಾಗಿ’.

ಮೂರನೇ ಸುತ್ತು: ಯಾವುದು ಏನು ಕೆಲಸ ಮಾಡುತ್ತಿದೆ

ಈಗ ಪ್ರಶ್ನೆ ಬದಲಾಯಿಸಿದೆವು. ‘ಇದು ಅವರ ಶೈಲಿಯಾ?’ ಅಂತ ಕೇಳುವುದು ಬಿಟ್ಟು, ‘ಈ ಮಾತು ಇಲ್ಲಿ ಏನು ಕೆಲಸ ಮಾಡುತ್ತಿದೆ?’ ಅಂತ ಕೇಳಿದೆವು.

ಓದುವವರು ಈ ಮಾತನ್ನು ಎಷ್ಟು ನಂಬಬೇಕು ಅಂತ ತಿಳಿಸುವುದೆಲ್ಲ ಉಳಿಯಲೇಬೇಕು. ‘ಅಂತೆ’, ‘ಮಾಡಿ ನೋಡಿಲ್ಲ’, ‘ಸುಮಾರು’, ‘ನಮ್ಮ ಗದ್ದೆ ಬದಿಯ ತೋಟದಲ್ಲಿ ಮಾತ್ರ’. ಇದರಲ್ಲಿ ಚೌಕಾಸಿ ಇಲ್ಲ. ಒಬ್ಬರು ‘ಹತ್ತು ಹನ್ನೆರಡು ಕೊನೆ’ ಅಂದರೆ ಅದನ್ನು 11 ಮಾಡುವ ಹಾಗಿಲ್ಲ.

ಯೋಚನೆಯ ಸಾಲನ್ನೂ ಉಳಿಸಿದೆವು. ಲೆಕ್ಕದಿಂದ ಶುರು ಮಾಡುವವರು ಲೆಕ್ಕದಿಂದಲೇ, ‘ಮೊನ್ನೆ ತೋಟಕ್ಕೆ ಹೋಗಿದ್ದೆ’ ಅಂತ ಶುರು ಮಾಡುವವರು ಹಾಗೇ. ಇದಕ್ಕೆ ಸಿಗುವ ಲಾಭ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಪುಟ್ಟ ಪದ ಎಲ್ಲ ಬದಲಾದರೂ ಮಾತಿನ ಸಾಲು ಉಳಿದರೆ ಮನುಷ್ಯ ಬೇರೆ ಬೇರೆ ಅಂತ ಓದುವವರಿಗೆ ತಿಳಿಯುತ್ತದೆ.

ಕ್ರಿಯಾಪದದ ರೂಪವನ್ನು ಎಲ್ಲರಿಗೂ ಒಂದೇ ಬರಹದ ಕನ್ನಡಕ್ಕೆ ತಂದೆವು. ತೋಟದ ಪದಗಳನ್ನು ಮುಟ್ಟಲಿಲ್ಲ: ಕೊನೆ, ಹಾಳೆ, ಕೊಟ್ಟೆ, ದೋಟಿ. ಮೇಷ್ಟ್ರಿಗೆ ಇದು ಒಪ್ಪಿಗೆಯಾಗಲು ಎರಡು ದಿನ ಬೇಕಾಯಿತು, ಮಾತಿನ ಸೊಗಸೇ ಹೋಗುತ್ತದೆ ಅನ್ನುವುದು ಅವರ ನೋವು. ನನಗೂ ನೋವೇ. ಆದರೆ ಗುರುತು ಮುಚ್ಚುತ್ತೇವೆ ಅಂತ ಮಾತು ಕೊಟ್ಟಿದ್ದೆವು.

ಗೊತ್ತಾಯ್ತಲ್ಲ, ಮಾರಾಯ್ರೆ ಥರದವಕ್ಕೆ ಒಂದೇ ನಿಯಮ. ಬರೆದವರು ಹಾಕಿದ ಜಾಗದಲ್ಲಿ ಮಾತ್ರ ಇರಬಹುದು, ನಾವು ಹೊಸದಾಗಿ ಒಂದೂ ಸೇರಿಸುವ ಹಾಗಿಲ್ಲ. ಹಾಗಾಗಿ ತಿದ್ದಿದ್ದರಲ್ಲಿ ಅವುಗಳ ಎಣಿಕೆ ಮೂಲಕ್ಕಿಂತ ಕಡಿಮೆ ಇರಬಹುದು, ಜಾಸ್ತಿ ಇರಬಾರದು. ಒಬ್ಬರದು ಮುಗಿದ ಕೂಡಲೇ ಎಣಿಸುತ್ತಿದ್ದೆವು. ವರ್ಡ್ ಫೈಲಿನಲ್ಲಿ ಹುಡುಕಿದರೆ ಒಂದು ನಿಮಿಷದ ಕೆಲಸ.

ಸುಣ್ಣದ ಮೆಸೇಜು ಕೊನೆಗೆ ಹೀಗಾಯಿತು:

> ಸುಣ್ಣ ಸ್ವಲ್ಪ ಕಡಿಮೆಯಾದರೂ ನಡೆಯುತ್ತದಂತೆ. ಹಿಂದೆ ಹಿರಿಯರೊಬ್ಬರು ಹಾಗೇ ಮಾಡುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಾರೆ. ನಾನು ಮಾಡಿ ನೋಡಿಲ್ಲ. ಈ ಸಲ ಒಳ್ಳೆ ಸುಣ್ಣ ಸಿಕ್ಕಿಲ್ಲ, ಏನು ಮಾಡುವುದು ಅಂತ ಗೊತ್ತಾಗುತ್ತಿಲ್ಲ.

ಅತ್ತೆ, ಮಾವ ಹೋದರು. ಎರಡು ಬಾಯಿ ದಾಟಿದ ಮಾತು ಅನ್ನುವುದು ಉಳಿಯಿತು. ಪ್ರಶ್ನೆ ಕೊನೆಯಲ್ಲೇ ಇದೆ, ಅವರು ಇಟ್ಟ ಜಾಗದಲ್ಲಿ. ಕೆಳಗೆ ಬೇರೆ ಅಕ್ಷರದಲ್ಲಿ ಸರಿಯಾದ ಅಳತೆ ಮತ್ತು ಮೊಳೆಯ ಪರೀಕ್ಷೆ ಸೇರಿಸಿದೆವು. ಅದು ನಮ್ಮ ಮಾತು ಅಂತ ಗೊತ್ತಾಗುವ ಹಾಗೆ. ಅವರ ಬಾಯಲ್ಲಿ ಹೇಳಿಸಲಿಲ್ಲ.

ಇನ್ನೊಂದು ಮಿತಿ ಈ ಹೊತ್ತಿಗೆ ಕಂಡಿತು. 37 ಜನರಲ್ಲಿ ಹತ್ತಕ್ಕಿಂತ ಜಾಸ್ತಿ ಮೆಸೇಜು ಬರೆದವರು 9 ಜನ ಮಾತ್ರ. ಒಂದೋ ಎರಡೋ ಬರೆದವರ ಸ್ವಭಾವ ನಮಗೆ ಗೊತ್ತಿಲ್ಲ. ಒಬ್ಬರು ರಾತ್ರಿ ಹನ್ನೊಂದಕ್ಕೆ ಸಿಟ್ಟಿನಿಂದ ಬರೆದಿದ್ದರು. ಆ ದಿನ ಅವರ ತೋಟದಲ್ಲಿ ಎಳೆಕಾಯಿ ರಾಶಿ ಉದುರಿತ್ತು. ಅದು ಅವರ ಗುಣವಲ್ಲ, ಆ ದಿನದ ಸಂಕಟ. ಅಂಥವರಿಗೆ ಚೀಟಿ ಮಾಡಲಿಲ್ಲ. ನಂಬಿಕೆಯ ಮಾತುಗಳನ್ನು ಉಳಿಸಿ ಉಳಿದದ್ದನ್ನು ಸರಳ ಮಾಡಿದೆವು.

ಪರೀಕ್ಷೆ, ಮತ್ತು ಇಂಚಿನ ಮಳೆ

ಸರಿಯಾಗಿದೆಯಾ ಅಂತ ತಿಳಿಯಲು ಗುಂಪಿನವರೇ ಆದ ಮೂವರಿಗೆ 24 ತುಂಡು ಕೊಟ್ಟೆವು, ಎರಡೆರಡರಂತೆ 12 ಜೋಡಿ. ಮೊದಲ ಪ್ರಶ್ನೆ, ಈ ಜೋಡಿ ಒಬ್ಬರು ಬರೆದದ್ದಾ, ಇಬ್ಬರದಾ? ಎರಡನೆಯದು, ಇವರು ಯಾರು? ಮೊದಲನೆಯದಕ್ಕೆ ಸರಿ ಉತ್ತರ ಬರಬೇಕು, ಎರಡನೆಯದಕ್ಕೆ ಬರಬಾರದು. ಎರಡೂ ಒಟ್ಟಿಗೆ ಕೇಳದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಮೊದಲನೆಯದು ಮಾತ್ರ ಕೇಳಿದ್ದರೆ ಎರಡನೇ ಸುತ್ತಿನ ಪ್ರತಿಯೂ ಗೆಲ್ಲುತ್ತಿತ್ತು.

ಮೂವರೂ ಒಟ್ಟು ಕೂತು ಹೇಳಿದ ಉತ್ತರದಲ್ಲಿ 12 ಜೋಡಿಗಳಲ್ಲಿ 9 ಸರಿ. ಹೆಸರು ಸರಿಯಾಗಿ ಹೇಳಿದ್ದು 24ರಲ್ಲಿ 7. ಆ ಏಳರಲ್ಲಿ ಐದು ಒಬ್ಬರದೇ. ಸಿಕ್ಕಿಬಿದ್ದದ್ದು ಮಾತಿನಿಂದಲ್ಲ, ಮಳೆಯಿಂದ. ಅವರ ಅಂಗಳದಲ್ಲಿ ಮಳೆಮಾಪಕ ಇದೆ, ದಿನಾ ಬೆಳಿಗ್ಗೆ ಇಂಚಿನಲ್ಲಿ ಬರೆದಿಡುತ್ತಾರೆ. ಉಳಿದವರೆಲ್ಲ ‘ಜೋರು ಮಳೆ’ ಅನ್ನುವಲ್ಲಿ ಅವರು ‘ನಿನ್ನೆ ನಾಲ್ಕೂವರೆ ಇಂಚು’ ಅನ್ನುತ್ತಾರೆ.

ಮಿಲಿಮೀಟರ್ ಮಾಡೋಣ ಅಂತ ಹುಡುಗಿ ಹೇಳಿದಳು. ನಾಲ್ಕೂವರೆ ಇಂಚು ಅಂದರೆ ಸುಮಾರು 114 ಮಿಲಿಮೀಟರ್. ಮಾಡಬಹುದಿತ್ತು, ಆದರೆ ಮಳೆ ಅಳೆಯುವವರು ಇವರೊಬ್ಬರೇ ಅಂತ ಗುಂಪಿಗೆಲ್ಲ ಗೊತ್ತು. ಅಳತೆಯನ್ನೇ ತೆಗೆದು ‘ಜೋರು ಮಳೆ’ ಮಾಡಿದರೆ ಗುರುತು ಹೋಗುತ್ತದೆ, ಆದರೆ ಪುಸ್ತಕದಲ್ಲೇ ಅತಿ ಉಪಯೋಗದ ವಿವರವೂ ಹೋಗುತ್ತದೆ. ಎಷ್ಟು ಮಳೆಯ ಮೇಲೆ, ಎಷ್ಟು ದಿನದಲ್ಲಿ ಕೊಳೆ ಕಂಡಿತು ಅನ್ನುವುದು ಇರುವುದು ಇವರ ಮೆಸೇಜಿನಲ್ಲಿ ಮಾತ್ರ. ನಾವು ತೀರ್ಮಾನ ಮಾಡುವುದು ಬಿಟ್ಟು ಅವರನ್ನೇ ಕೇಳಿದೆವು. “ಇಂಚೇ ಇರಲಿ. ನಾನು ಅಂತ ಗೊತ್ತಾದ್ರೆ ಗೊತ್ತಾಗಲಿ ಬಿಡಿ” ಅಂದರು.

ಇನ್ನಿಬ್ಬರಲ್ಲಿ ಒಬ್ಬರು ಹೊಳೆದಂಡೆಯಲ್ಲಿ ಒಬ್ಬರೇ ತೋಟ ನೋಡಿಕೊಳ್ಳುವ ಅಕ್ಕ. ಅವರಿಗೆ ಗುರುತು ಸಿಗುವುದು ಬೇಡವಾಗಿತ್ತು. ಅವರ ಮೆಸೇಜುಗಳನ್ನು ಎರಡು ಭಾಗ ಮಾಡಿ ‘ತೋಟ 6’, ‘ತೋಟ 19’ ಅಂತ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಅಂತ ಮೇಷ್ಟ್ರು ಸಲಹೆ ಕೊಟ್ಟರು. ಇದು ಚೆನ್ನಾಗಿಯೇ ಕಂಡಿತು, ಒಂದು ರಾತ್ರಿ ನಾನೂ ಒಪ್ಪಿದ್ದೆ. ಬೆಳಿಗ್ಗೆ ಹೊಳೆದದ್ದು ಬೇರೆ. ಒಬ್ಬರು ಎರಡು ಸಲ ಹೇಳಿದ್ದು ಇಬ್ಬರು ಹೇಳಿದ ಹಾಗೆ ಆಗುತ್ತದೆ. ಹೂಳು ಬಂದ ತೋಟದಲ್ಲಿ ಕೊಳೆ ಜಾಸ್ತಿ ಅನ್ನುವ ಮಾತಿಗೆ ಇಲ್ಲದ ಎರಡನೇ ಸಾಕ್ಷಿ ಹುಟ್ಟುತ್ತದೆ. ಇದೂ ‘ಅಂತೆ’ ತೆಗೆದ ತಪ್ಪೇ, ರೂಪ ಬೇರೆ. ಇಬ್ಬರನ್ನು ಸೇರಿಸಿ ಒಬ್ಬರು ಮಾಡುವುದೂ ಅಷ್ಟೇ ಕೆಟ್ಟದ್ದು, ಆಗ ಒಂದು ಸಾಕ್ಷಿ ಕಳೆಯುತ್ತದೆ. ಕೊನೆಗೆ ಹೊಳೆ, ಹೂಳು ಇರುವ ನಾಲ್ಕು ಮೆಸೇಜುಗಳನ್ನು ಅಕ್ಕ ತಾವೇ ಆರಿಸಿ ತೆಗೆಸಿದರು. ಪುಸ್ತಕಕ್ಕೆ ನಷ್ಟವಾಯಿತು. ಅದರಲ್ಲಿ ಒಂದು ಇಡೀ ರಾಶಿಯಲ್ಲೇ ಚೆನ್ನಾಗಿದ್ದ ಮೆಸೇಜು.

ಅಚ್ಚಿಗೆ ಹೋದದ್ದು 408. ಮುಂಗಾರಿಗೆ ಮೊದಲೇ ಪುಸ್ತಕ ಮನೆಮನೆಗೆ ತಲುಪಿತು. ಜುಲೈಯಲ್ಲಿ ಒಬ್ಬ ಹುಡುಗ ಮೇಷ್ಟ್ರ ಮನೆಗೆ ಬಂದು, ಪುಟ ತೆರೆದು ಸುಣ್ಣದ ಸಾಲಿನ ಮೇಲೆ ಬೆರಳಿಟ್ಟು ಕೇಳಿದನಂತೆ: “ಸರ್, ಇಲ್ಲಿ ‘ನಡೆಯುತ್ತದಂತೆ’ ಅಂತ ಇದೆ. ಮಾಡಿ ನೋಡಿದವರು ಯಾರಾದ್ರೂ ಇದ್ದಾರಾ?” ಇಲ್ಲ ಅಂದರು ಮೇಷ್ಟ್ರು. ಅವನು ಜೇಬಿನಿಂದ ಮೊಳೆ ತೆಗೆದು ತೋರಿಸಿದನಂತೆ, ತುದಿಯಲ್ಲಿ ಕೆಂಪು ಕೂತಿತ್ತು. ಇನ್ನೆಷ್ಟು ಸುಣ್ಣ ಹಾಕಲಿ ಅಂತ ಕೇಳಲು ಬಂದಿದ್ದ.